ಹಲ್ಲಿನ ಡಾಕ್ಟರು ಕೇಳುವ ನಾಲ್ಕು ಮಾತು

ಹಲ್ಲಿನ ಚಿಕಿತ್ಸೆ ಮುಗಿದ ಮೇಲೆ ಕ್ಲಿನಿಕ್ಕಿನಿಂದ ಬರುವ ಒಂದು ಪುಟ್ಟ ವಿನಂತಿ ಈಗ ಸಣ್ಣ ಊರುಗಳಲ್ಲೂ ಪರಿಚಿತವಾಗಿದೆ. ಅದು ವಾಟ್ಸ್‌ಆ್ಯಪ್ ಸಂದೇಶವಾಗಿ ಬರುತ್ತದೆ, ಇಲ್ಲವೇ ದುಡ್ಡು ಕೊಡುವ ಕೌಂಟರಿನ ಮೇಲೆ ಕ್ಯೂಆರ್ ಕೋಡ್ ಹೊತ್ತ ಕಾರ್ಡಾಗಿ ನಿಂತಿರುತ್ತದೆ. ‘ನಿಮ್ಮ ಅನುಭವ ಹೇಗಿತ್ತೆಂದು ದಯವಿಟ್ಟು ಪ್ರಾಮಾಣಿಕವಾಗಿ ತಿಳಿಸಿ’ ಎಂಬುದು ಅದರ ಒಟ್ಟು ತಾತ್ಪರ್ಯ. ಕೊಂಡಿಯನ್ನು ಒತ್ತಿದರೆ ಗೂಗಲ್ ನಕ್ಷೆಯಲ್ಲಿ ಆ ಕ್ಲಿನಿಕ್ಕಿನ ಹೆಸರು ತೆರೆದುಕೊಂಡು, ಐದು ಖಾಲಿ ನಕ್ಷತ್ರಗಳೂ ಬರೆಯಲೊಂದು ಜಾಗವೂ ಕಾಣುತ್ತವೆ. ಇಷ್ಟು ಸಣ್ಣ ವಿನಂತಿಯಲ್ಲೂ ಯಾರನ್ನು ಕೇಳಲಾಯಿತು, ಯಾವಾಗ ಕೇಳಲಾಯಿತು, ಯಾವ ಮಾತಿನಲ್ಲಿ ಕೇಳಲಾಯಿತು ಎಂಬುದರ ಮೇಲೆ ಬರುವ ಉತ್ತರ ನಿಜವೋ ಅಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಕ್ಲಿನಿಕ್ಕುಗಳು ಹೀಗೆ ಕೇಳುವುದಕ್ಕೆ ಒಂದು ಸರಳ ಲೆಕ್ಕ ಕಾರಣ. ಒಂದು ಹೊಸ ಕ್ಲಿನಿಕ್ಕಿಗೆ ನಾಲ್ಕೇ ಅಭಿಪ್ರಾಯಗಳು ಬಂದಿವೆ, ನಾಲ್ಕೂ ಐದು ನಕ್ಷತ್ರದವು ಎಂದುಕೊಳ್ಳೋಣ. ಐದನೆಯವರು ಬೇಸರದಿಂದ ಒಂದು ನಕ್ಷತ್ರ ಕೊಟ್ಟರೆ ಒಟ್ಟು 21ನ್ನು 5ರಿಂದ ಭಾಗಿಸಬೇಕು, ಸರಾಸರಿ 4.2ಕ್ಕೆ ಇಳಿಯುತ್ತದೆ. ಅದೇ ಒಂದು ನಕ್ಷತ್ರ 100 ಅಭಿಪ್ರಾಯಗಳ ನಂತರ ಬಂದಿದ್ದರೆ ಸರಾಸರಿ 4.96 ಆಗುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಭಿಪ್ರಾಯಗಳು ಕಡಿಮೆಯಿದ್ದಲ್ಲಿ ಒಬ್ಬರ ಸಿಟ್ಟೋ ಒಬ್ಬರ ಸ್ನೇಹವೋ ಇಡೀ ಚಿತ್ರವನ್ನು ಬದಲಿಸುತ್ತದೆ.

ಇದಕ್ಕೆ ಇನ್ನೊಂದು ಸಂಗತಿಯೂ ಸೇರುತ್ತದೆ. ಯಾರೂ ಕೇಳದೆ ತಾವಾಗಿ ಬರೆಯುವವರು ಹೆಚ್ಚಾಗಿ ತುಂಬ ಮೆಚ್ಚಿದವರು, ಇಲ್ಲವೇ ತುಂಬ ನೊಂದವರು. ಹೋದರು, ಹಲ್ಲು ತುಂಬಿಸಿಕೊಂಡರು, ದುಡ್ಡು ಕೊಟ್ಟು ಮನೆಗೆ ಬಂದರು ಎನ್ನುವಂಥ ಬಹುಪಾಲು ಜನ ಬರೆಯುವುದೇ ಇಲ್ಲ. ಅಂತರಜಾಲದ ಅಭಿಪ್ರಾಯಗಳನ್ನು ಅಧ್ಯಯನ ಮಾಡಿದವರು ಇದನ್ನು ಹಿಂದೆಯೇ ಗುರುತಿಸಿದ್ದಾರೆ: ಐದು ನಕ್ಷತ್ರದ ಕಡೆ ಎತ್ತರದ ರಾಶಿ, ಒಂದು ನಕ್ಷತ್ರದ ಕಡೆ ಸಣ್ಣ ರಾಶಿ, ನಡುವೆ ಬಹುತೇಕ ಬಯಲು. ಹೊಸ ರೋಗಿಗೆ ನಿಜವಾಗಿ ಬೇಕಾದ ಮಾಹಿತಿ ಇರುವುದು ಆ ನಡುವಿನ ಮೌನಿಗಳಲ್ಲಿ. ಎಲ್ಲರನ್ನೂ ಸಮನಾಗಿ ಕೇಳಿದಾಗ ಅವರಲ್ಲಿ ಒಂದಷ್ಟು ಮಂದಿಯಾದರೂ ಬಾಯಿ ಬಿಡುತ್ತಾರೆ. ಆ ಕಾರಣಕ್ಕೆ ಕೇಳುವುದು ತಪ್ಪಲ್ಲ. ಗೂಗಲ್ ಇದಕ್ಕೆ ಅವಕಾಶ ಕೊಟ್ಟಿದೆ, ಕೊಂಡಿಯನ್ನೂ ಕ್ಯೂಆರ್ ಕೋಡನ್ನೂ ತಾನೇ ಒದಗಿಸುತ್ತದೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಯೆಲ್ಪ್ ಮಾತ್ರ ವ್ಯಾಪಾರಿಗಳು ತಮ್ಮ ಗಿರಾಕಿಗಳಿಂದ ಅಭಿಪ್ರಾಯ ಕೇಳಲೇಬಾರದು ಎನ್ನುತ್ತದೆ. ಕೇಳಿ ಪಡೆದದ್ದು ಒಂದೇ ಕಡೆಗೆ ವಾಲುತ್ತದೆ ಎಂಬುದು ಅದರ ಅಂಜಿಕೆ. ಆ ಅಂಜಿಕೆಗೆ ಆಧಾರವಿದೆ ಎಂಬುದು ಕೇಳುವ ಮಾತುಗಳನ್ನು ನೋಡಿದರೆ ತಿಳಿಯುತ್ತದೆ.

ಸಾಮಾನ್ಯವಾಗಿ ಕಾಣಸಿಗುವ ಒಂದು ವಿನಂತಿಯ ಮಾದರಿ ಹೀಗಿರುತ್ತದೆ:

‘ಆತ್ಮೀಯರೇ, ನಮ್ಮ ಕ್ಲಿನಿಕ್ಕಿನಲ್ಲಿ ನಿಮ್ಮ ರೂಟ್ ಕೆನಾಲ್ ಚಿಕಿತ್ಸೆ ಯಶಸ್ವಿಯಾಗಿ ಮುಗಿದಿದೆ. ನಮ್ಮ ಸೇವೆ ಇಷ್ಟವಾಗಿದ್ದರೆ ದಯವಿಟ್ಟು 5 ಸ್ಟಾರ್ ಕೊಟ್ಟು ನಾಲ್ಕು ಒಳ್ಳೆಯ ಮಾತು ಬರೆಯಿರಿ. ಏನಾದರೂ ಕೊರತೆ ಇದ್ದರೆ ನಮಗೇ ಹೇಳಿ. ಬರೆದ ಸ್ಕ್ರೀನ್‌ಶಾಟ್ ತೋರಿಸಿದವರಿಗೆ ಮುಂದಿನ ಕ್ಲೀನಿಂಗ್‌ನಲ್ಲಿ ರಿಯಾಯಿತಿ ಇದೆ.’

ಇದರ ಧಾಟಿ ವಿನಯದ್ದೇ. ಬರೆದವರಿಗೆ ಕೆಟ್ಟ ಉದ್ದೇಶವೂ ಇರಲಾರದು. ಆದರೂ ಇದರ ನಾಲ್ಕೂ ವಾಕ್ಯಗಳಲ್ಲಿ ದೋಷವಿದೆ, ಒಂದೊಂದರಲ್ಲೂ ಬೇರೆಬೇರೆ ಬಗೆಯದು.

ಮೊದಲ ವಾಕ್ಯ ರೋಗಿಯ ಗುಟ್ಟನ್ನು ಬಿಟ್ಟುಕೊಡುತ್ತದೆ. ನಮ್ಮ ಮನೆಗಳಲ್ಲಿ ಕ್ಲಿನಿಕ್ಕಿಗೆ ಕೊಟ್ಟ ಫೋನ್ ನಂಬರು ರೋಗಿಯದೇ ಆಗಿರಬೇಕೆಂದಿಲ್ಲ. ಅಜ್ಜಿಯ ಚೀಟಿಯಲ್ಲಿ ಮೊಮ್ಮಗನ ನಂಬರು, ಸೊಸೆಯ ಚೀಟಿಯಲ್ಲಿ ಗಂಡನ ನಂಬರು ಇರುವುದು ಮಾಮೂಲು. ಯಾವ ಚಿಕಿತ್ಸೆ ಆಯಿತು ಎಂಬುದನ್ನು ಸಂದೇಶದಲ್ಲಿ ಬರೆದರೆ ಫೋನ್ ಹಿಡಿದವರಿಗೆಲ್ಲ ಅದು ಗೊತ್ತಾಗುತ್ತದೆ. ರೂಟ್ ಕೆನಾಲ್ ವಿಷಯದಲ್ಲಿ ಇದು ಸಣ್ಣದಾಗಿ ಕಂಡೀತು. ಮದುವೆ ಗೊತ್ತಾಗಿರುವ ಹುಡುಗಿಯ ಕಟ್ಟಿಸಿಕೊಂಡ ಮುಂದಿನ ಹಲ್ಲಿನ ವಿಷಯದಲ್ಲಿ ಸಣ್ಣದಲ್ಲ. ರೋಗಿಗಳನ್ನೆಲ್ಲ ಒಂದೇ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿ ವಿನಂತಿ ಹಾಕುವುದು ಇದಕ್ಕಿಂತ ದೊಡ್ಡ ತಪ್ಪು. ಆಗ ಯಾರುಯಾರು ಆ ಕ್ಲಿನಿಕ್ಕಿಗೆ ಹೋಗುತ್ತಾರೆ ಎಂಬುದು ಅವರವರ ನಂಬರಿನ ಸಮೇತ ಎಲ್ಲರಿಗೂ ಸಿಗುತ್ತದೆ. ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿದರೆ ಪ್ರತಿಯೊಬ್ಬರಿಗೂ ಬೇರೆಯಾಗಿ ಹೋಗುವುದರಿಂದ ಈ ತೊಂದರೆಯಿಲ್ಲ.

ಎರಡನೆಯ ವಾಕ್ಯ ಉತ್ತರವನ್ನು ತಾನೇ ಹೇಳಿಕೊಡುತ್ತದೆ. ‘ಇಷ್ಟವಾಗಿದ್ದರೆ’ ಎಂದು ಷರತ್ತು ಹಾಕಿದಾಗ ಇಷ್ಟವಾಗದವರು ಬರೆಯುವುದು ಬೇಡ ಎಂದೇ ಅರ್ಥ. ಎಷ್ಟು ನಕ್ಷತ್ರ ಎಂಬುದನ್ನೂ ಮೊದಲೇ ಹೇಳಿಬಿಟ್ಟರೆ ಅಲ್ಲಿ ಅಭಿಪ್ರಾಯ ಕೇಳಿದಂತಾಗಲಿಲ್ಲ, ಸಹಿ ಹಾಕಿಸಿಕೊಂಡಂತಾಯಿತು. ಮುಂದೆ ಅದೇ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕಾದ ರೋಗಿಗೆ ಇಲ್ಲ ಎನ್ನಲು ಸಂಕೋಚ. ಈ ದಾಕ್ಷಿಣ್ಯವನ್ನು ದಂತವೈದ್ಯರು ಮರೆಯಬಾರದು.

ಮೂರನೆಯ ವಾಕ್ಯ ಮೇಲುನೋಟಕ್ಕೆ ಎಲ್ಲಕ್ಕಿಂತ ಸಭ್ಯವಾದದ್ದು, ನಿಜದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವಂಥದ್ದು. ಹೊಗಳಿಕೆಯನ್ನು ಬೀದಿಗೂ ದೂರನ್ನು ಒಳಮನೆಗೂ ಕಳಿಸುವ ಏರ್ಪಾಡು ಇದು. ಕೆಲವು ಕಂಪನಿಗಳು ಇದನ್ನೇ ಯಂತ್ರದ ಕೆಲಸವಾಗಿ ಮಾರುತ್ತವೆ: ರೋಗಿಗೆ ಮೊದಲು ನಗುವ ಮುಖ, ಅಳುವ ಮುಖ ತೋರಿಸುತ್ತಾರೆ, ನಗುವ ಮುಖ ಒತ್ತಿದವರಿಗೆ ಗೂಗಲ್ ಪುಟ ತೆರೆಯುತ್ತದೆ, ಅಳುವ ಮುಖ ಒತ್ತಿದವರಿಗೆ ಕ್ಲಿನಿಕ್ಕಿನ ಒಳಗಿನ ಫಾರಂ ಸಿಗುತ್ತದೆ. ಗೂಗಲ್‌ನ ನಿಯಮ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಒಳ್ಳೆಯ ಅಭಿಪ್ರಾಯವನ್ನು ಮಾತ್ರ ಆರಿಸಿ ಕೇಳುವಂತಿಲ್ಲ, ಕೆಟ್ಟದ್ದನ್ನು ಬರೆಯದಂತೆ ತಡೆಯುವಂತಿಲ್ಲ. ಹೀಗೆ ಬಂದ ಅಭಿಪ್ರಾಯಗಳು ಪತ್ತೆಯಾದರೆ ಒಟ್ಟಾಗಿ ಅಳಿಸಿಹೋಗಬಹುದು. ಕ್ಲಿನಿಕ್ಕಿಗೆ ನೇರವಾಗಿ ದೂರು ಹೇಳುವ ದಾರಿ ಇರಬೇಕು ನಿಜ, ಆದರೆ ಅದು ಬಹಿರಂಗವಾಗಿ ಬರೆಯುವ ದಾರಿಯ ಜೊತೆಗೆ ಇರಬೇಕು; ಅದರ ಬದಲಿಗೆ ಇರಬಾರದು.

ನಾಲ್ಕನೆಯದು ಆಮಿಷ. ರಿಯಾಯಿತಿ, ಉಚಿತ ಬ್ರಷ್ಷು, ಲಕ್ಕಿ ಡ್ರಾ ಯಾವುದಾದರೂ ಸರಿ, ಅಭಿಪ್ರಾಯಕ್ಕೆ ಬದಲಾಗಿ ಏನನ್ನಾದರೂ ಕೊಡುವುದನ್ನು ಗೂಗಲ್ ಒಪ್ಪುವುದಿಲ್ಲ. ದಂತವೈದ್ಯರಿಗೆ ಇಲ್ಲಿ ಇನ್ನೊಂದು ಕಟ್ಟೂ ಇದೆ. 1948ರ ದಂತವೈದ್ಯರ ಕಾಯ್ದೆಯ ಅಡಿಯಲ್ಲಿ ಭಾರತೀಯ ದಂತ ಪರಿಷತ್ತು 2014ರಲ್ಲಿ ಪರಿಷ್ಕರಿಸಿದ ನೀತಿ ಸಂಹಿತೆ, ರೋಗಿಗಳನ್ನು ಸೆಳೆಯಲು ನೇರವಾಗಿ ಅಥವಾ ಸುತ್ತುಬಳಸಿ ಜಾಹೀರಾತು ಮಾಡುವುದನ್ನು ವೃತ್ತಿಗೆ ತಕ್ಕದ್ದಲ್ಲ ಎಂದು ಎಣಿಸುತ್ತದೆ. ರೋಗಿ ತಾನಾಗಿ ಬರೆದದ್ದು ಅವರ ಮಾತು. ರಿಯಾಯಿತಿ ಕೊಟ್ಟು ಬರೆಸಿದ್ದು ಕ್ಲಿನಿಕ್ಕಿನ ಜಾಹೀರಾತು.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಅಂತರಜಾಲದ ಗ್ರಾಹಕ ಅಭಿಪ್ರಾಯಗಳಿಗೆಂದೇ IS 19000:2022 ಎಂಬ ಮಾನಕವನ್ನು ಹೊರತಂದಿತು. ಮೊದಲಿಗೆ ಅದನ್ನು ಪಾಲಿಸುವುದು ಅವರವರ ಇಚ್ಛೆಗೆ ಬಿಟ್ಟದ್ದಾಗಿತ್ತು, ಮತ್ತು ಅದು ಮುಖ್ಯವಾಗಿ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಸಂಸ್ಥೆಗಳನ್ನು ಉದ್ದೇಶಿಸಿದ್ದು. ಆದರೂ ಒಂದು ಕ್ಲಿನಿಕ್ಕು ಅದರಿಂದ ಕಲಿಯಬಹುದಾದ್ದಿದೆ. ಕೇಳಿ ಪಡೆದ ಅಭಿಪ್ರಾಯಕ್ಕೂ ತಾನಾಗಿ ಬಂದ ಅಭಿಪ್ರಾಯಕ್ಕೂ ಅದು ವ್ಯತ್ಯಾಸ ಮಾಡುತ್ತದೆ. ಬರೆದವರ ಗುರುತಿನ ಮಾಹಿತಿ ಕಾಪಾಡಬೇಕೆನ್ನುತ್ತದೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆನ್ನುತ್ತದೆ.

ಇನ್ನು ಯಾವಾಗ ಕೇಳಬೇಕು ಎಂಬ ಪ್ರಶ್ನೆ. ಹೋಟೆಲಿನ ಊಟದ ರುಚಿ ಕೈ ತೊಳೆಯುವ ಹೊತ್ತಿಗೆ ಗೊತ್ತಾಗಿರುತ್ತದೆ. ಹಲ್ಲಿನ ಕೆಲಸ ಹಾಗಲ್ಲ. ಕೆಳದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ತುಟಿ, ನಾಲಗೆ ಎಚ್ಚರಾಗಲು ಎರಡು ಮೂರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಕೌಂಟರಿನಲ್ಲಿ ನಿಲ್ಲಿಸಿಕೊಂಡು ಆಗಲೇ ಬರೆಸಿಕೊಂಡರೆ ಆ ರೋಗಿ ಹೇಳಬಲ್ಲದ್ದು ಡಾಕ್ಟರು ನಗುನಗುತ್ತ ಮಾತಾಡಿದರು, ಎಸಿ ತಂಪಾಗಿತ್ತು ಎಂಬುದನ್ನಷ್ಟೇ. ಹಲ್ಲು ಕೀಳಿಸಿಕೊಂಡವರಲ್ಲಿ ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದೊಳಗೆ ಕಿವಿಯವರೆಗೂ ಹರಡುವ ವಿಪರೀತ ನೋವು ಶುರುವಾಗುವುದುಂಟು. ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಹೋಗಿ ಮೂಳೆ ತೆರೆದುಕೊಳ್ಳುವುದು ಅದಕ್ಕೆ ಕಾರಣ. ಡ್ರೈ ಸಾಕೆಟ್ ಎನ್ನುತ್ತಾರೆ. ಅದು ಡಾಕ್ಟರ ತಪ್ಪಿಲ್ಲದೆಯೂ ಆಗಬಹುದು. ಆದರೆ ಆಗ ಅವರು ಫೋನ್ ಎತ್ತಿದರೇ, ಬರಹೇಳಿ ಗುಳಿಯನ್ನು ತೊಳೆದು ಔಷಧಿ ಇಟ್ಟರೇ ಎಂಬುದು ರೋಗಿಗೆ ನಿಜವಾಗಿ ಗೊತ್ತಾಗುವ ಸಂಗತಿ, ಮತ್ತು ಅದು ಹಲ್ಲು ಕಿತ್ತ ದಿನ ಸಂಜೆ ಬರೆದ ಅಭಿಪ್ರಾಯದಲ್ಲಿ ಇರಲು ಸಾಧ್ಯವಿಲ್ಲ.

ಆದ್ದರಿಂದ ಹಲ್ಲು ಕೀಳಿಸಿದವರನ್ನೂ ಹುಳುಕು ತುಂಬಿಸಿಕೊಂಡವರನ್ನೂ ಸುಮಾರು ಒಂದು ವಾರ ಬಿಟ್ಟು ಕೇಳುವುದು ಸರಿ. ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡವರಿಗೆ ಅದು ಒಸಡಿಗೆ ಒತ್ತುವ ಜಾಗಗಳನ್ನು ಒಂದೆರಡು ಸಲ ಉಜ್ಜಿಸಿಕೊಂಡು, ಅನ್ನ ಚಪಾತಿ ಅಗಿದು ನೋಡುವಷ್ಟು ಸಮಯ ಕೊಡಬೇಕು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರ ಚಿಕಿತ್ಸೆ ಒಂದೂವರೆ ಎರಡು ವರ್ಷ ನಡೆಯುತ್ತದೆ. ಇಂಪ್ಲಾಂಟ್ ತಿರುಪು ಮೂಳೆಯಲ್ಲಿ ಬೆಸೆದುಕೊಳ್ಳಲಿಕ್ಕೇ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಇಂಥವರನ್ನು ನಡುವೆ ಕೇಳಿದರೂ ಅಡ್ಡಿಯಿಲ್ಲ, ಆದರೆ ಅವರು ಹೇಳುವುದು ಇಲ್ಲಿಯವರೆಗಿನ ಮಾತು ಎಂಬ ಅರಿವು ಓದುವವರಿಗಿರಬೇಕು.

ಯಾರನ್ನು ಕೇಳಬೇಕು ಎಂಬುದರಲ್ಲೂ ಕಣ್ಣಿಗೆ ಕಾಣದ ಒಂದು ಆಯ್ಕೆ ನಡೆದುಹೋಗುತ್ತದೆ. ಕೌಂಟರಿನಲ್ಲಿ ಕೂತ ಹುಡುಗಿಗೆ ‘ರಿವ್ಯೂ ಕೇಳಮ್ಮ’ ಎಂದು ಹೇಳಿಬಿಟ್ಟರೆ ಆಕೆ ಸಹಜವಾಗಿಯೇ ನಗುತ್ತ ಹೊರಬಂದವರನ್ನು ಕೇಳುತ್ತಾಳೆ, ಮುಖ ಗಂಟಿಕ್ಕಿಕೊಂಡವರನ್ನು ಸುಮ್ಮನೆ ಬೀಳ್ಕೊಡುತ್ತಾಳೆ. ಯಾರೂ ಮೋಸ ಮಾಡಲಿಲ್ಲ, ಆದರೂ ಫಲಿತಾಂಶ ಸೋಸಿ ಬಂದದ್ದಾಯಿತು. ಇದನ್ನು ತಪ್ಪಿಸಲು ಆಯ್ಕೆಯನ್ನು ಮನುಷ್ಯರ ಕೈಯಿಂದ ತೆಗೆದು ದಿನಚರಿಗೆ ಕೊಡಬೇಕು: ಪ್ರತಿ ಶನಿವಾರ ಹಿಂದಿನ ವಾರದ ರಿಜಿಸ್ಟರಿನಲ್ಲಿ ಹೆಸರಿರುವ, ಸಂದೇಶ ಕಳಿಸಬಹುದೆಂದು ಒಪ್ಪಿಗೆ ಕೊಟ್ಟ ಎಲ್ಲರಿಗೂ ಒಂದೇ ಸಂದೇಶ ಹೋಗಬೇಕು. ಹಲ್ಲು ಕೀಳಿಸುವುದು ಬೇಡವೆಂದು ಎದ್ದುಹೋದವರಿಗೂ, ಖರ್ಚು ಕೇಳಿ ಹಿಂದಿರುಗಿದವರಿಗೂ ಹೋಗಬೇಕು. ಅವರದೂ ಅನುಭವವೇ. ಕ್ಲಿನಿಕ್ಕಿನ ಸಿಬ್ಬಂದಿ, ಡಾಕ್ಟರ ಮನೆಯವರು, ಔಷಧಿ ಅಂಗಡಿಯ ಗೆಳೆಯ ಇವರು ಬರೆಯಬಾರದು. ಸ್ವಹಿತ ಇರುವವರ ಅಭಿಪ್ರಾಯವನ್ನು ಗೂಗಲ್ ಕೂಡ ಸ್ವೀಕಾರಾರ್ಹವಲ್ಲ ಎನ್ನುತ್ತದೆ. ವಾರವಾರ ಒಂದೆರಡರಂತೆ ಸೇರುವ ಅಭಿಪ್ರಾಯಗಳಿಗೂ, ವರ್ಷವಿಡೀ ಮೌನವಿದ್ದು ಒಂದೇ ದಿನ ಮೂವತ್ತು ಬೀಳುವ ಅಭಿಪ್ರಾಯಗಳಿಗೂ ಇರುವ ವ್ಯತ್ಯಾಸ ಓದುವವರ ಕಣ್ಣಿಗೂ ಹೊಡೆಯುತ್ತದೆ. ಒಂದೇ ದಿನಾಂಕ, ಒಂದೇ ಅಳತೆಯ ವಾಕ್ಯಗಳು, ಡಾಕ್ಟರ ಪೂರ್ಣ ಹೆಸರು ಮತ್ತು ಪದವಿ ಪ್ರತಿಯೊಂದರಲ್ಲೂ ಇದ್ದರೆ ಅನುಮಾನಿಸಲು ಕಾರಣವಿದೆ.

ಇಷ್ಟನ್ನೂ ಗಮನದಲ್ಲಿಟ್ಟು ಮೇಲಿನ ವಿನಂತಿಯನ್ನು ತಿದ್ದಿದರೆ ಅದು ಸುಮಾರಾಗಿ ಹೀಗಾಗುತ್ತದೆ:

‘ನಮಸ್ಕಾರ. ಕಳೆದ ವಾರ ನೀವು ನಮ್ಮ ಕ್ಲಿನಿಕ್ಕಿಗೆ ಬಂದಿದ್ದಿರಿ. ನಿಮಗೆ ಬಿಡುವಿದ್ದರೆ ನಿಮ್ಮ ಅನುಭವವನ್ನು ಈ ಕೊಂಡಿಯಲ್ಲಿ ಬರೆಯಬಹುದು. ಸರಿಯಾಗಿದ್ದದ್ದನ್ನೂ ಸರಿಯಿಲ್ಲದ್ದನ್ನೂ ಇದ್ದ ಹಾಗೆ ಬರೆಯಿರಿ. ಎಷ್ಟು ಹೊತ್ತು ಕಾಯಬೇಕಾಯಿತು, ಖರ್ಚನ್ನು ಮೊದಲೇ ತಿಳಿಸಿದೆವೇ, ಮಾಡುವ ಕೆಲಸವನ್ನು ಅರ್ಥವಾಗುವಂತೆ ಹೇಳಿದೆವೇ ಎಂಬುದು ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು. ಅಲ್ಲಿ ನಿಮ್ಮ ಗೂಗಲ್ ಖಾತೆಯ ಹೆಸರು ಎಲ್ಲರಿಗೂ ಕಾಣಬಹುದು. ಆದ್ದರಿಂದ ಕಾಯಿಲೆ, ಔಷಧಿಗಳ ವಿವರ ಬೇಕಿಲ್ಲ. ಬರೆದರೂ ಬರೆಯದಿದ್ದರೂ ನಿಮ್ಮ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಈಗ ನೋವು, ಊತ ಅಥವಾ ರಕ್ತಸ್ರಾವ ಇದ್ದರೆ ಮೊದಲು ಕ್ಲಿನಿಕ್ಕಿನ ನಂಬರಿಗೆ ಫೋನ್ ಮಾಡಿ. ಈ ವಿಷಯಕ್ಕೆ ಮತ್ತೆ ಸಂದೇಶ ಕಳಿಸುವುದಿಲ್ಲ.’

ಈ ಸಂದೇಶ ಮೊದಲಿನದಕ್ಕಿಂತ ಉದ್ದ. ಆದರೆ ಹೆಚ್ಚಾದ ಒಂದೊಂದು ಮಾತಿಗೂ ಕೆಲಸವಿದೆ. ಏನನ್ನು ಬರೆಯಬಹುದು ಎಂದು ಸೂಚಿಸುವುದರಿಂದ ‘ಸೂಪರ್’, ‘ಗುಡ್ ಡಾಕ್ಟರ್’ ಎಂಬ ಒಂದೆರಡು ಪದಗಳ ಬದಲು ವಿಷಯವಿರುವ ಅಭಿಪ್ರಾಯ ಬರುತ್ತದೆ. ಸೂಚಿಸಿದ ವಿಷಯಗಳೆಲ್ಲ ರೋಗಿ ಕಣ್ಣಾರೆ ಕಂಡು ಹೇಳಬಲ್ಲವು ಎಂಬುದನ್ನೂ ಗಮನಿಸಬೇಕು. ಕನ್ನಡದಲ್ಲಿ ಬರೆಯಬಹುದು ಎಂಬ ಒಂದು ಸಾಲು ಇಲ್ಲದ ಕಾರಣಕ್ಕೇ ಇಂಗ್ಲಿಷ್ ಬಾರದ ಎಷ್ಟೋ ಮಂದಿ ಸುಮ್ಮನಿರುತ್ತಾರೆ, ಇಲ್ಲವೇ ಮಕ್ಕಳ ಕೈಲಿ ಏನೋ ಬರೆಸುತ್ತಾರೆ. ಹೆಸರು ಕಾಣಬಹುದು ಎಂಬ ಎಚ್ಚರಿಕೆಯಿಂದ ಬರೆಯುವವರ ಸಂಖ್ಯೆ ಸ್ವಲ್ಪ ಕಡಿಮೆಯಾದೀತು. ಆದರೂ ಅದನ್ನು ಹೇಳುವುದು ಕ್ಲಿನಿಕ್ಕಿನ ಕರ್ತವ್ಯ. ನೋವಿದ್ದರೆ ಮೊದಲು ಫೋನ್ ಮಾಡಿ ಎಂಬ ಮಾತು ದೂರನ್ನು ಅಡಗಿಸುವ ತಂತ್ರವಲ್ಲ. ಊತವಿರುವ ದವಡೆಗೆ ಬೇಕಾದ್ದು ಚಿಕಿತ್ಸೆ, ಮತ್ತು ಕೊಂಡಿ ಹೇಗೂ ಎಲ್ಲರಿಗೂ ತೆರೆದೇ ಇದೆ.

ಅಭಿಪ್ರಾಯ ಕೇಳಿದ ಮೇಲೆ ಕೆಟ್ಟದ್ದೂ ಬರುತ್ತದೆ. ಒಂದು ಉದಾಹರಣೆಯನ್ನು ಪೂರ್ತಿ ನೋಡಬಹುದು. ಹಲ್ಲು ಕ್ಲೀನ್ ಮಾಡಿಸಿಕೊಂಡು ಹೋದ ಒಬ್ಬರು ಹತ್ತು ದಿನಗಳ ನಂತರ ಹೀಗೆ ಬರೆಯುತ್ತಾರೆ ಎಂದುಕೊಳ್ಳೋಣ: ‘ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲುಗಳ ಮಧ್ಯೆ ಸಂದಿ ಬಿದ್ದಿದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತೆ. ಚೆನ್ನಾಗಿದ್ದ ಹಲ್ಲು ಹಾಳು ಮಾಡಿದರು.’ ಒಂದು ನಕ್ಷತ್ರ.

ಈ ದೂರು ಕರ್ನಾಟಕದ ದಂತವೈದ್ಯರೆಲ್ಲ ಕೇಳಿರುವಂಥದ್ದು. ಒಸಡಿನ ಅಂಚಿನಲ್ಲಿ, ಅದರಲ್ಲೂ ಕೆಳಗಿನ ಮುಂಭಾಗದ ಹಲ್ಲುಗಳ ಹಿಂದೆ, ಜೊಲ್ಲಿನ ಖನಿಜಾಂಶ ಸೇರಿ ಪಾಚಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದು ಹಲ್ಲುಗಳ ನಡುವಿನ ಸಂದಿಯನ್ನೆಲ್ಲ ತುಂಬಿ, ಒಸಡನ್ನು ಊದಿಸಿ, ಒಳಗಿನ ಮೂಳೆಯನ್ನು ನಿಧಾನವಾಗಿ ಕರಗಿಸುತ್ತದೆ. ಅದನ್ನು ತೆಗೆದಾಗ ಊದಿದ ಒಸಡು ಇಳಿಯುತ್ತದೆ, ಮುಚ್ಚಿದ್ದ ಸಂದಿ ಕಾಣುತ್ತದೆ, ಬೇರಿನ ಭಾಗ ತೆರೆದುಕೊಂಡು ಕೆಲವು ದಿನ ತಣ್ಣನೆಯದು ತಗುಲಿದರೆ ಜುಮ್ಮೆನ್ನುತ್ತದೆ. ಸಂದಿಯನ್ನು ಮಾಡಿದ್ದು ಯಂತ್ರವಲ್ಲ, ಪಾಚಿ. ಹಾಗಿದ್ದರೂ ರೋಗಿ ಬರೆದದ್ದು ಸುಳ್ಳಲ್ಲ. ಕಂಡದ್ದನ್ನು ಕಂಡಂತೆ ಬರೆದಿದ್ದಾರೆ. ಹೀಗಾಗಬಹುದು ಎಂದು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರಿಗೆ ತಲುಪಿರಲಿಲ್ಲ. ಕ್ಲಿನಿಕ್ಕಿಗೆ ಈ ಅಭಿಪ್ರಾಯದಿಂದ ಸಿಗುವ ನಿಜವಾದ ಮಾಹಿತಿ ಅದು. ಇದೇ ದೂರು ಮೂರು ನಾಲ್ಕು ಸಲ ಬಂದರೆ ತಿದ್ದಬೇಕಾದ್ದು ಚಿಕಿತ್ಸೆಗೆ ಮುಂಚಿನ ಮಾತುಕತೆಯನ್ನು.

ಸಿಟ್ಟಿನಲ್ಲಿ ಬರೆಯುವ ಉತ್ತರ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ: ‘ನಿಮಗೆ ಮೊದಲೇ ಒಸಡಿನ ರೋಗ ಇತ್ತು. ಸಕ್ಕರೆ ಕಾಯಿಲೆಯೂ ಇದೆ, ಗುಟ್ಕಾ ಬಿಡಿ ಎಂದು ಹೇಳಿದ್ದೆವು.’ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲದಿರಬಹುದು. ಆದರೆ ರೋಗಿಯ ಹೆಸರಿನ ಕೆಳಗೆ ಅವರ ರೋಗ, ಚಟ ಎರಡನ್ನೂ ಊರಿಗೆಲ್ಲ ಸಾರಿದಂತಾಯಿತು. ರೋಗಿ ತನ್ನ ವಿಷಯವನ್ನು ತಾನೇ ಬರೆದುಕೊಂಡರೂ ವೈದ್ಯರ ಬಾಯಿಗೆ ಹಾಕಿದ ಬೀಗ ತೆರೆಯುವುದಿಲ್ಲ. ದಂತವೈದ್ಯರ ನೀತಿ ಸಂಹಿತೆ ಈ ಗುಟ್ಟು ಕಾಪಾಡುವುದನ್ನು ಅವರ ಹೊಣೆಯಾಗಿಸಿದೆ. ಅಮೆರಿಕದ ಡಲ್ಲಾಸ್ ನಗರದ ಒಂದು ದಂತ ಚಿಕಿತ್ಸಾಲಯ ಯೆಲ್ಪ್‌ನಲ್ಲಿ ಬಂದ ಅಭಿಪ್ರಾಯಕ್ಕೆ ಉತ್ತರಿಸುವಾಗ ರೋಗಿಯ ಹೆಸರು, ಚಿಕಿತ್ಸೆ, ವಿಮೆ ಮತ್ತು ಖರ್ಚಿನ ವಿವರಗಳನ್ನು ಹೊರಹಾಕಿತ್ತು. ಅಲ್ಲಿನ ಆರೋಗ್ಯ ಮಾಹಿತಿ ಗೋಪ್ಯತೆಯ ಕಾನೂನಿನಡಿ ವಿಚಾರಣೆ ನಡೆದು, 2019ರಲ್ಲಿ ಅದು 10,000 ಡಾಲರ್ ಕಟ್ಟಿ ರಾಜಿ ಮಾಡಿಕೊಳ್ಳಬೇಕಾಯಿತು.

ಹಾಗಾದರೆ ಉತ್ತರಿಸುವುದು ಹೇಗೆ? ಬರೆದವರು ತಮ್ಮ ರೋಗಿ ಎಂಬುದನ್ನು ಕೂಡ ಒಪ್ಪದೆ, ಅಲ್ಲಗಳೆಯದೆ, ಎಲ್ಲರಿಗೂ ಅನ್ವಯಿಸುವ ಮಾತನ್ನು ಹೇಳಬಹುದು: ‘ಬರೆದದ್ದಕ್ಕೆ ಧನ್ಯವಾದ. ಹಲ್ಲು ಕ್ಲೀನ್ ಮಾಡಿಸಿದ ನಂತರ ಕೆಲವರಿಗೆ ಕೆಲ ದಿನ ತಣ್ಣನೆಯದು ಜುಮ್ಮೆನ್ನುವುದುಂಟು, ಪಾಚಿ ತುಂಬಿದ್ದ ಸಂದಿಗಳು ಕಾಣುವುದೂ ಉಂಟು. ಇದನ್ನು ಮೊದಲೇ ವಿವರಿಸುವುದು ನಮ್ಮ ಕೆಲಸ. ತೊಂದರೆ ಮುಂದುವರಿದಿದ್ದರೆ ಯಾರೇ ಆಗಲಿ ಕ್ಲಿನಿಕ್ಕಿಗೆ ಫೋನ್ ಮಾಡಿ, ಮತ್ತೆ ಪರೀಕ್ಷಿಸುತ್ತೇವೆ.’ ಈ ಉತ್ತರ ಆ ಒಬ್ಬರ ಮನಸ್ಸನ್ನು ಬದಲಿಸದೇ ಇರಬಹುದು. ಮುಂದೆ ಓದುವ ನೂರು ಜನಕ್ಕೆ ಮಾತ್ರ ಎರಡು ಸಂಗತಿ ತಿಳಿಯುತ್ತದೆ: ಜುಮ್ಮೆನ್ನುವುದು ಏಕೆ, ಮತ್ತು ಈ ಕ್ಲಿನಿಕ್ಕು ದೂರು ಬಂದಾಗ ಹೇಗೆ ನಡೆದುಕೊಳ್ಳುತ್ತದೆ.

ಕೆಟ್ಟ ಅಭಿಪ್ರಾಯದ ಬಾಯಿಯನ್ನು ಮೊದಲೇ ಕಟ್ಟಿಬಿಡುವ ಪ್ರಯತ್ನವೂ ನಡೆದಿದೆ, ಅದರ ಕಥೆ ಹಲ್ಲಿನ ಆಸ್ಪತ್ರೆಯದೇ. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಪರೀತ ಹಲ್ಲುನೋವಿನಿಂದ ಬಂದ ಒಬ್ಬ ರೋಗಿಯಿಂದ ದಂತವೈದ್ಯೆಯೊಬ್ಬರು ಚಿಕಿತ್ಸೆಗೆ ಮೊದಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ರೋಗಿ ಅವರ ಬಗ್ಗೆ ಬಹಿರಂಗವಾಗಿ ಟೀಕೆ ಬರೆಯುವಂತಿಲ್ಲ, ಬರೆದರೆ ಅದರ ಕೃತಿಸ್ವಾಮ್ಯ ವೈದ್ಯೆಗೇ ಸೇರುತ್ತದೆ ಎಂಬುದು ಅದರ ಸಾರ. ಒಂದು ಖಾಸಗಿ ಕಂಪನಿ ಇಂಥ ಒಪ್ಪಂದದ ಸಿದ್ಧ ಫಾರಂಗಳನ್ನು ವೈದ್ಯರಿಗೆ ಒದಗಿಸುತ್ತಿತ್ತು. ಮುಂದೆ ಬಿಲ್ಲಿನ ವಿಷಯದಲ್ಲಿ ಜಗಳವಾಗಿ ರೋಗಿ 2011ರಲ್ಲಿ ಯೆಲ್ಪ್ ಮುಂತಾದೆಡೆ ಬರೆದಾಗ, ಅದನ್ನು ತೆಗೆಯುವವರೆಗೆ ದಿನಕ್ಕೆ 100 ಡಾಲರ್‌ನಂತೆ ಕೊಡಬೇಕೆಂದು ಅವರಿಗೆ ಬಿಲ್ಲು ಬಂತು. ರೋಗಿ ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸುದ್ದಿಯಾದ ಮೇಲೆ ಆ ಕಂಪನಿ ತನ್ನ ಫಾರಂ ಬಳಸುವುದನ್ನು ಕೈಬಿಟ್ಟಿತು. 2015ರಲ್ಲಿ ಫೆಡರಲ್ ನ್ಯಾಯಾಲಯ ರೋಗಿಯ ಪರ ತೀರ್ಪು ಕೊಟ್ಟು, ಒಪ್ಪಂದ ಅಸಿಂಧು ಎಂದಿತು. ಮರುವರ್ಷ, 2016ರಲ್ಲಿ, ಗ್ರಾಹಕರ ಅಭಿಪ್ರಾಯದ ಬಾಯಿ ಕಟ್ಟುವ ಇಂಥ ಷರತ್ತುಗಳನ್ನು ರದ್ದುಗೊಳಿಸುವ ಕಾಯ್ದೆಯೇ ಅಮೆರಿಕದಲ್ಲಿ ಬಂತು. ಸುಳ್ಳು ಅಭಿಪ್ರಾಯಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರಿನಿಂದ ಅಲ್ಲಿ ಜಾರಿಯಲ್ಲಿದೆ.

ಎಷ್ಟೇ ಪ್ರಾಮಾಣಿಕವಾಗಿ ಕೇಳಿದರೂ, ಬರೆದರೂ, ಇಂಥ ಅಭಿಪ್ರಾಯಗಳಿಗೆ ಒಂದು ಮಿತಿ ಇದ್ದೇ ಇದೆ. ಕೈಗವಸು ಹೊಸದಾಗಿ ಹಾಕಿಕೊಂಡರೇ, ಉಪಕರಣಗಳ ಪೊಟ್ಟಣವನ್ನು ಕಣ್ಣೆದುರೇ ಒಡೆದರೇ, ಎಕ್ಸ್‌ರೇ ತೋರಿಸಿ ವಿವರಿಸಿದರೇ ಎಂಬುದನ್ನು ರೋಗಿ ಹೇಳಬಲ್ಲರು. ರೂಟ್ ಕೆನಾಲ್‌ನಲ್ಲಿ ಬೇರಿನ ತುದಿಯವರೆಗೆ ಸರಿಯಾಗಿ ತುಂಬಲಾಯಿತೇ, ತೋರಿಸಿದ ಹುಳುಕಿಗೆ ನಿಜವಾಗಿಯೂ ಅಷ್ಟು ಕೆಲಸ ಬೇಕಿತ್ತೇ ಎಂಬುದನ್ನು ಹೇಳಲಾರರು. ಸರಿಯಾಗಿ ತುಂಬದ ಬೇರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಕೀವು ಕಟ್ಟಬಹುದು. ಅದನ್ನು ತೋರಿಸುವುದು ಎಕ್ಸ್‌ರೇ, ನಕ್ಷತ್ರಗಳಲ್ಲ. ಹಾಗೆಯೇ ಚೆನ್ನಾಗಿ ಮಾಡಿದ ರೂಟ್ ಕೆನಾಲ್ ನಂತರವೂ ಒಂದೆರಡು ದಿನ ಅಗಿಯುವಾಗ ನೋಯಬಹುದು. ಆದ್ದರಿಂದ ಅಭಿಪ್ರಾಯಗಳನ್ನು ಓದಿ ಕ್ಲಿನಿಕ್ಕು ಆರಿಸುವವರು ಅವುಗಳಲ್ಲಿ ನಡವಳಿಕೆ, ಶುಚಿತ್ವ, ಸಮಯ, ಹಣದ ಲೆಕ್ಕ ಇವುಗಳ ಬಗ್ಗೆ ಮಾಹಿತಿ ಹುಡುಕಬಹುದು. ದೊಡ್ಡ ಖರ್ಚಿನ ಚಿಕಿತ್ಸೆ ಬೇಕೇ ಬೇಡವೇ ಎಂಬುದಕ್ಕೆ ಎಕ್ಸ್‌ರೇ ಹಿಡಿದು ಇನ್ನೊಬ್ಬ ದಂತವೈದ್ಯರನ್ನು ಕಾಣುವುದೇ ದಾರಿ.

ನಿಜವಾಗಿ ಹಾನಿಯಾದವರಿಗೆ ಒಂದು ನಕ್ಷತ್ರ ಕೊಡುವುದರಿಂದ ಪರಿಹಾರ ಸಿಗುವುದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪು ಕೊಟ್ಟಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವೈದ್ಯರ ವೃತ್ತಿಪರ ನಡವಳಿಕೆಯ ಬಗ್ಗೆ ಕರ್ನಾಟಕ ರಾಜ್ಯ ದಂತ ಪರಿಷತ್ತು ಇದೆ, ಕ್ಲಿನಿಕ್ಕಿನ ನೋಂದಣಿ ಮತ್ತು ಕುಂದುಕೊರತೆಗಳಿಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದ ಪ್ರಾಧಿಕಾರವಿದೆ. ಅಲ್ಲಿಗೆಲ್ಲ ಬೇಕಾಗುವುದು ಬಿಲ್ಲು, ಚೀಟಿ, ಎಕ್ಸ್‌ರೇ.

ಸಮಸ್ಯೆ ಬಗೆಹರಿದ ಮೇಲೆ ರೋಗಿ ತಾನು ಬರೆದದ್ದನ್ನು ತಿದ್ದಬಹುದು, ಅಳಿಸಲೂಬಹುದು. ಗೂಗಲ್ ಅದಕ್ಕೆ ಅವಕಾಶ ಕೊಡುತ್ತದೆ. ಹಾಗೆ ಮಾಡಬೇಕೆಂದು ಕ್ಲಿನಿಕ್ಕು ಷರತ್ತು ಹಾಕುವಂತಿಲ್ಲ, ಅಳಿಸಿದರೆ ಹಣ ವಾಪಸ್ ಎನ್ನುವಂತಿಲ್ಲ. ಹೆಚ್ಚು ಉಪಯುಕ್ತವಾದದ್ದು ಅಳಿಸದೆ ತಿದ್ದಿದ ಅಭಿಪ್ರಾಯ: ಮೊದಲು ಏನಾಯಿತು, ಹೇಳಿದ ಮೇಲೆ ಕ್ಲಿನಿಕ್ಕು ಏನು ಮಾಡಿತು, ಈಗ ಹೇಗಿದೆ ಎಂಬ ಮೂರೂ ಅದರಲ್ಲಿ ಉಳಿದಿರುತ್ತವೆ.